‘ನಾವು ಮಾಡಿದ್ವಿ’ ಅನ್ನುವ ಅಭ್ಯರ್ಥಿಯ ಪಾಲು ಎಷ್ಟು? ಕಂಡುಹಿಡಿಯುವ ಒಂದು ಕ್ರಮ

ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಹೋದ ವರ್ಷ ಕ್ವಾಲಿಟಿ ಇಂಜಿನಿಯರ್ ಹುದ್ದೆಗೆ ಒಬ್ಬ ಹುಡುಗ ಸಂದರ್ಶನಕ್ಕೆ ಬಂದಿದ್ದ. ಮೂರು ವರ್ಷದ ಅನುಭವ, ಗದಗ ಕಡೆಯವನು. ನೀವು ಮಾಡಿದ ಒಂದು ಕೆಲಸ ಹೇಳ್ರಿ ಅಂದಾಗ ಹೀಗೆ ಶುರು ಮಾಡಿದ: “ಗೇಟ್ ವಾಲ್ವ್‌ನಾಗ ಸೀಟ್ ಲೀಕೇಜ್ ಭಾಳ ಇತ್ತ್ರಿ ಸರ್. ನಾವು ಡೇಟಾ ತಗದ್ವಿ, ಕಾರಣ ಹುಡುಕಿದ್ವಿ, ಫಿಕ್ಸ್‌ಚರ್ ಬದಲಿ ಮಾಡಿದ್ವಿ, ರಿಜೆಕ್ಷನ್ ನೂರಕ್ಕ 12 ಇದ್ದದ್ದು 4ಕ್ಕ ಇಳಿಸಿದ್ವಿ.”

ಎರಡು ನಿಮಿಷದ ಮಾತಿನಲ್ಲಿ ‘ನಾನು’ ಒಂದು ಸಲವೂ ಬರಲಿಲ್ಲ. ಅವನು ನೀರು ಕುಡಿಯಲು ಹೊರಗೆ ಹೋದಾಗ ನನ್ನ ಪಕ್ಕ ಕೂತಿದ್ದ ಪ್ರೊಡಕ್ಷನ್ ಮ್ಯಾನೇಜರ್, “ಇಂವಾ ಬರೇ ಮಂದಿ ಜೋಡಿ ನಿಂತಾನ, ಏನೂ ಮಾಡಿಲ್ಲ ಬಿಡ್ರಿ” ಅಂದರು. ನನಗೂ ಅದೇ ಅನುಮಾನ ಬಂದಿತ್ತು. ಅರ್ಧ ತಾಸಿನ ಮೇಲೆ ನೋಡಿದರೆ ಆ ಇಡೀ ಸಮಸ್ಯೆಯ ಗಂಟು ಬಿಚ್ಚಿದ್ದು ಅವನ ಕೈಯಲ್ಲೇ ಇದ್ದ ಒಂದು ಸೀಮೆಸುಣ್ಣದ ತುಂಡು. ಆ ಅರ್ಧ ತಾಸನ್ನು ಹೇಗೆ ನಡೆಸಿದೆವು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಹಳೆ ಕಂಪನಿಯ ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಕೇಳುವ ಮೊದಲು: ಈ ‘ನಾವು’ ಯಾವ ‘ನಾವು’?

ನಮ್ಮ ಕಡೆ ‘ನಾವು’ ಅನ್ನುವುದಕ್ಕೆ ಕಡಿಮೆ ಅಂದರೂ ಮೂರು ಅರ್ಥ ಇವೆ. ಒಂದು, ನಿಜವಾಗಿಯೂ ಎಲ್ಲರೂ ಕೂಡಿ ಮಾಡಿದ್ದು. ಎರಡು, ಮಾಡಿದ್ದು ತಾನೊಬ್ಬನೇ, ಆದರೆ ಹಿರಿಯರ ಎದುರು ‘ನಾ ಮಾಡೇನಿ’ ಅಂದರೆ ಸೊಕ್ಕು ಅನಿಸೀತು ಅಂತ ಬಹುವಚನಕ್ಕೆ ಜಾರುವುದು. ಮೂರು, ಮಾಡಿದವರು ಬೇರೆ, ಹೇಳುವವನು ಅದೇ ಛಾವಣಿ ಕೆಳಗೆ ಇದ್ದ, ಅಷ್ಟೆ.

ಕನ್ನಡದ ವ್ಯಾಕರಣವೂ ಇಲ್ಲಿ ನೆರವಿಗೆ ಬರುವುದಿಲ್ಲ. ತೆಲುಗಿನವರಿಗೆ ಕೇಳುವವನನ್ನೂ ಸೇರಿಸಿಕೊಳ್ಳುವ ‘ಮನಂ’ ಬೇರೆ, ಅವನನ್ನು ಬಿಟ್ಟ ‘ಮೇಮು’ ಬೇರೆ. ನಮಗೆ ಎರಡಕ್ಕೂ ಒಂದೇ ‘ನಾವು’. ಹಾಗಂತ ಅವರ ‘ಮೇಮು’ ಕೂಡ ಗುಂಪಿನೊಳಗೆ ಯಾರು ಏನು ಮಾಡಿದರು ಅಂತ ಹೇಳುವುದಿಲ್ಲ ಅನ್ನಿ. ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ‘ಮಾಡಿದ್ವಿ’ ಅಂದರೆ ಸಾಕು, ‘ನಾವು’ ಅನ್ನಲೇಬೇಕೆಂದಿಲ್ಲ. ‘ಆತ್ರಿ, ಬದಲಿ ಆತ್ರಿ’ ಅಂದುಬಿಟ್ಟರೆ ಮಾಡಿದವರೇ ಮಾಯ. ಆದ್ದರಿಂದ ಸರ್ವನಾಮ ಎಣಿಸುತ್ತ ಕೂರಬೇಡಿ. ಅದರಿಂದ ಗೊತ್ತಾಗುವುದು ಮನೆಯಲ್ಲಿ ಕಲಿತ ನಡತೆ, ಕೆಲಸದ ಪಾಲಲ್ಲ.

ತಿರುಗಿಸಿ ನೋಡಿದರೂ ಅಷ್ಟೆ. ಕೆಲ ವರ್ಷಗಳ ಹಿಂದೆ ಮಾತುಮಾತಿಗೆ ‘ನಾನು ಲೀಡ್ ಮಾಡಿದೆ, ನಾನು ಡ್ರೈವ್ ಮಾಡಿದೆ’ ಅಂದವನೊಬ್ಬನನ್ನು ನಾನೇ ಮೆಚ್ಚಿ ತೆಗೆದುಕೊಂಡಿದ್ದೆ. ಆ ಪ್ರಾಜೆಕ್ಟಿನಲ್ಲಿ ಅವನ ಪಾಲು ತಿಂಗಳ ಮೀಟಿಂಗಿಗೆ ಸ್ಲೈಡ್ ಮಾಡಿದ್ದು ಅಂತ ಮೂರು ತಿಂಗಳ ಮೇಲೆ ತಿಳಿಯಿತು. ಅವನು ಸುಳ್ಳು ಹೇಳಿದ್ದ ಅಂತಲೂ ನನಗೆ ಅನಿಸುವುದಿಲ್ಲ. ಮನುಷ್ಯನಿಗೆ ತನ್ನ ಕೈಯಿಂದ ಆದದ್ದು ಹೆಚ್ಚು ನೆನಪಿರುತ್ತದೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಗಂಡ-ಹೆಂಡತಿಯರಿಗೆ, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಬೇರೆ ಬೇರೆಯಾಗಿ ಕೇಳಿದ್ದರು. ಬಹಳಷ್ಟು ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿಸಿದರೆ ಮೊತ್ತ ಪೂರ್ತಿ ಕೆಲಸಕ್ಕಿಂತ ಜಾಸ್ತಿ ಆಗಿತ್ತು. ಹಾಗಾಗಿ ‘ಈ ಪ್ರಾಜೆಕ್ಟಿನಾಗ ನಿಮ್ಮ ಕೊಡುಗೆ ನೂರಕ್ಕ ಎಷ್ಟು?’ ಅನ್ನುವ ಪ್ರಶ್ನೆಯನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಪ್ರಾಮಾಣಿಕನಿಂದಲೂ ಅದಕ್ಕೆ ಸರಿಯಾದ ಉತ್ತರ ಬರುವುದಿಲ್ಲ.

ಹೆಜ್ಜೆ 1: ಹಾಳೆಯ ಮೇಲೆ ಐದು ಸಾಲು

ಅಭ್ಯರ್ಥಿ ಒಳಗೆ ಬರುವ ಮೊದಲೇ ಒಂದು ಹಾಳೆಯಲ್ಲಿ ಐದು ಪ್ರಶ್ನೆ ಬರೆದುಕೊಳ್ಳಿ: ಸಮಸ್ಯೆಯನ್ನು ಮೊದಲು ಕಂಡವರು ಯಾರು? ಕಾರಣ ಹಿಡಿದವರು ಯಾರು? ಹೀಗೇ ಮಾಡೋಣ ಅಂತ ನಿರ್ಧರಿಸಿದವರು ಯಾರು? ಕೈಯಾರೆ ಮಾಡಿದವರು ಯಾರು? ಆಮೇಲೆ ಅದು ಮತ್ತೆ ಹಳೇ ದಾರಿಗೆ ಹೋಗದಂತೆ ನೋಡಿಕೊಂಡವರು ಯಾರು?

ಒಂದು ಸುಧಾರಣೆ ಅಂದರೆ ಒಂದೇ ಕೆಲಸವಲ್ಲ, ಈ ಐದು. ಐದೂ ಒಬ್ಬನೇ ಮಾಡಿದ ಅಂದರೆ ನನಗೆ ಅನುಮಾನವೇ ಬರುತ್ತದೆ. ನಿಮ್ಮ ಹುದ್ದೆಗೆ ಇವುಗಳಲ್ಲಿ ಯಾವುದು ಬೇಕು ಅನ್ನುವುದನ್ನು ಮೊದಲೇ ಗುರುತು ಹಾಕಿಡಬೇಕು. ನಮಗೆ ಬೇಕಿದ್ದದ್ದು ಕ್ವಾಲಿಟಿ ಇಂಜಿನಿಯರ್, ಅಂದರೆ ಮೊದಲ ಎರಡು ಸಾಲು. ಮೆಷಿನ್ ಶಾಪ್ ಸೂಪರ್‌ವೈಸರ್ ಬೇಕಿದ್ದರೆ ನಾಲ್ಕು ಮತ್ತು ಐದನೆಯ ಸಾಲಿಗೆ ಗುರುತು ಹಾಕುತ್ತಿದ್ದೆ. ಮೊದಲೇ ಗುರುತು ಹಾಕದಿದ್ದರೆ ಏನಾಗುತ್ತದೆ ಅಂದರೆ, ಎದುರಿನವನು ಯಾವುದರಲ್ಲಿ ಚಂದ ಮಾತಾಡಿದನೋ ಅದೇ ನಮಗೆ ಬೇಕಿತ್ತು ಅಂತ ಅನಿಸತೊಡಗುತ್ತದೆ.

ಹೆಜ್ಜೆ 2: ಒಂದೇ ಪ್ರಾಜೆಕ್ಟು, ಮತ್ತು ಮೊದಲೇ ಹೇಳಿಬಿಡುವುದು

ರೆಸ್ಯೂಮಿನಲ್ಲಿ ನಾಲ್ಕು ಪ್ರಾಜೆಕ್ಟು ಇದ್ದರೂ ಒಂದನ್ನೇ ತೆಗೆದುಕೊಳ್ಳಿ. ನಲವತ್ತೈದು ನಿಮಿಷದ ಸಂದರ್ಶನದಲ್ಲಿ ಇಪ್ಪತ್ತೈದು ನಿಮಿಷ ಅದಕ್ಕೇ ಇಡಬೇಕು. ನಾಲ್ಕನ್ನೂ ಮುಟ್ಟಿದರೆ ನಾಲ್ಕು ಸಲ ಅದೇ ಎರಡು ನಿಮಿಷದ ಬಾಯಿಪಾಠ ಕೇಳುತ್ತೀರಿ.

ಮೊದಲು ಐದು ನಿಮಿಷ ಅವರ ಪಾಡಿಗೆ ಮಾತಾಡಲಿ. ‘ನಾವು’ ಬಂದ ಕೂಡಲೇ ‘ನಾವು ಅಂದ್ರ ಯಾರು?’ ಅಂತ ತಡೆಯಬೇಡಿ. ಅದು ಪೊಲೀಸ್ ಸ್ಟೇಷನ್ ಪ್ರಶ್ನೆಯಂತೆ ಕೇಳುತ್ತದೆ, ಹುಡುಗರು ಗಟ್ಟಿಯಾಗಿಬಿಡುತ್ತಾರೆ. ಅದರ ಬದಲು ನಾನು ಹೀಗೆ ಹೇಳುತ್ತೇನೆ: “ಟೀಮಿನ್ಯಾಗ ಕೆಲಸ ಮಾಡೀರಿ, ಚಲೋ ಆತು. ನಮ್ಮ ಕಡೆನೂ ಹಂಗ ನಡೀತೈತಿ. ಆದ್ರ ಇವತ್ತ ನಾವು ಟೀಮ್ ತಗೊಳ್ಳಾಕತ್ತಿಲ್ಲ, ನಿಮ್ಮನ್ನ ತಗೊಳ್ಳಾಕತ್ತೀವಿ. ಅದಕ್ಕ ನಿಮ್ಮ ಕೈಯಾಗ ಏನಿತ್ತು ಅಂತ ಕೇಳತೀನಿ. ಅದನ್ನ ಹೇಳಿದ್ರ ದೊಡ್ಡಸ್ತಿಕಿ ಅಂತ ನಾ ತಿಳಕೊಳ್ಳಂಗಿಲ್ಲ.” ಈ ಕೊನೆಯ ವಾಕ್ಯ ಬಹಳ ಮುಖ್ಯ. ಅದನ್ನು ಹೇಳದಿದ್ದರೆ ಎರಡನೇ ನಮೂನೆಯ ‘ನಾವು’ ಸಂದರ್ಶನ ಮುಗಿದರೂ ಬಿಡುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಹುಡುಗರು ಇಂಗ್ಲಿಷಿನಲ್ಲಿ ಉತ್ತರ ಕಲಿತುಕೊಂಡು ಬಂದಿರುತ್ತಾರೆ. ಆ ಉತ್ತರದೊಳಗಿನ ‘ವಿ’ ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಯಿಂದ ಬಂದದ್ದು, ಶಾಪ್ ಫ್ಲೋರಿನಿಂದ ಅಲ್ಲ. ‘ಕನ್ನಡದಾಗ ಹೇಳ್ರಿ, ನಡಕ ಇಂಗ್ಲಿಷ್ ಬಂದ್ರ ಬರಲಿ’ ಅಂದರೆ ಬಾಯಿಪಾಠ ಅಲ್ಲೇ ಮುರಿಯುತ್ತದೆ.

ಹೆಜ್ಜೆ 3: ಟೀಮಿನ ಚಿತ್ರ ಬರೆಸಿ

ಖಾಲಿ ಹಾಳೆ, ಪೆನ್ನು ಕೊಟ್ಟು, ಆ ಕೆಲಸದಲ್ಲಿ ಇದ್ದವರನ್ನೆಲ್ಲ ಬರೆಯಲು ಹೇಳಿ. ಹೆಸರು ಬೇಡ, ಹುದ್ದೆ ಸಾಕು. ನಮ್ಮ ಹುಡುಗ ಐದು ಚೌಕ ಬರೆದ: ಪ್ರೊಡಕ್ಷನ್ ಮ್ಯಾನೇಜರ್, ಡಿಸೈನ್ ಇಂಜಿನಿಯರ್, ಮೆಷಿನ್ ಶಾಪ್ ಸೂಪರ್‌ವೈಸರ್, ಅಸೆಂಬ್ಲಿಯ ಹಿರಿಯ ಫಿಟ್ಟರ್, ಕೊನೆಗೆ ಮೂಲೆಯಲ್ಲಿ ಸಣ್ಣದಾಗಿ ತಾನು. ಆಮೇಲೆ ಒಬ್ಬೊಬ್ಬರ ಮೇಲೆ ಬೆರಳಿಟ್ಟು, ಇವರು ಏನು ಮಾಡಿದರು ಅಂತ ಕೇಳಿದೆ.

ಬೇರೆಯವರ ಕೆಲಸದಿಂದ ಶುರು ಮಾಡುವುದರಲ್ಲಿ ಒಂದು ಲಾಭ ಇದೆ. ನಾಚಿಕೆಯವನು ಬೇರೆಯವರ ಬಗ್ಗೆ ಧಾರಾಳವಾಗಿ ಮಾತಾಡುತ್ತಾನೆ, ಮತ್ತು ನಾಲ್ವರ ಪಾಲು ಬಿಡಿಸಿಟ್ಟ ಮೇಲೆ ಉಳಿದದ್ದು ತಾನಾಗಿ ಕಾಣುತ್ತದೆ. ಬರೇ ನಿಂತು ನೋಡಿದವನಿಗೆ ಈ ಹಂತದಲ್ಲೇ ಕಷ್ಟ. ಅವನಿಗೆ ಎಲ್ಲರೂ ‘ಸಪೋರ್ಟ್ ಮಾಡಿದ್ರು’. ಯಾರು ಯಾವುದಕ್ಕೆ ಬೇಡ ಅಂದರು, ಯಾರು ಒಪ್ಪಲು ತಡ ಮಾಡಿದರು ಅನ್ನುವುದು ಅವನಿಗೆ ಗೊತ್ತಿರುವುದಿಲ್ಲ. ನಮ್ಮ ಹುಡುಗ, ಫಿಟ್ಟರ್ ಚೌಕದ ಮೇಲೆ ಬೆರಳಿಟ್ಟಾಗ ನಕ್ಕುಬಿಟ್ಟ: “ಕಾಕಾ ಮೊದಲ ನನ್ನ ಮ್ಯಾಲ ಸಿಟ್ಟಾಗಿದ್ರಿ ಸರ್. ಲೀಕ್ ಆದ್ರ ಎಲ್ಲಾರೂ ಅವರ ಲ್ಯಾಪಿಂಗ್ ಸರಿ ಇಲ್ಲ ಅಂತಿದ್ರು.” ಇದು ದೂರದಿಂದ ನೋಡಿದವನ ಮಾತಲ್ಲ.

ಹೆಜ್ಜೆ 4: ಒಂದು ದಿನಕ್ಕೆ, ಒಂದು ವಸ್ತುವಿಗೆ ಇಳಿಯಿರಿ

ಈ ಹೆಜ್ಜೆಯೇ ಇಡೀ ವಿಧಾನದ ಜೀವ, ಹಾಗಾಗಿ ನಮ್ಮ ಹುಡುಗನ ಸಂಗತಿಯನ್ನೇ ಬಿಡಿಸಿ ಹೇಳುತ್ತೇನೆ. ವಾಲ್ವ್ ಗೊತ್ತಿಲ್ಲದವರಿಗೆ ಎರಡು ಮಾತು. ಗೇಟ್ ವಾಲ್ವ್ ಒಳಗೆ ಬೆಣೆಯಾಕಾರದ ಒಂದು ವೆಡ್ಜ್ ಇರುತ್ತದೆ. ಹ್ಯಾಂಡ್ ವೀಲ್ ತಿರುಗಿಸಿದರೆ ಅದು ಇಳಿದು ಎರಡು ಸೀಟುಗಳ ನಡುವೆ ಬಿಗಿಯಾಗಿ ಕೂರುತ್ತದೆ. ಅಸೆಂಬ್ಲಿ ಆದ ಮೇಲೆ ಹೈಡ್ರೋ ಟೆಸ್ಟ್: ವಾಲ್ವಿನ ಬಾಡಿಗೆ, ಅಂದರೆ ಹೊರಗಿನ ಕವಚಕ್ಕೆ, ಅದರ ರೇಟಿಂಗ್‌ನ ಒಂದೂವರೆ ಪಟ್ಟು ಒತ್ತಡ, ಸೀಟಿಗೆ 1.1 ಪಟ್ಟು. ಸೀಟ್ ಟೆಸ್ಟನ್ನು ಒಂದು ಕಡೆಯಿಂದ ಒಮ್ಮೆ, ಇನ್ನೊಂದು ಕಡೆಯಿಂದ ಒಮ್ಮೆ ಮಾಡುತ್ತಾರೆ. ನೀರು ದಾಟಿ ಬಂದರೆ ಫೇಲ್. ಫೇಲ್ ಆದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಲ್ಯಾಪಿಂಗ್ ಮೇಲೆ, ಅಂದರೆ ವೆಡ್ಜ್ ಮತ್ತು ಸೀಟಿನ ಮುಖಗಳನ್ನು ಉಜ್ಜಿ ಸಮ ಮಾಡುವ ಫಿಟ್ಟರಿನ ಕೆಲಸದ ಮೇಲೆ.

ನಾನು ಕೇಳಿದ್ದು ಇಷ್ಟೆ: “ನೀವು ಡೇಟಾ ತಗದ್ವಿ ಅಂದ್ರಿ. ಮೊದಲನೇ ದಿನ ಟೆಸ್ಟ್ ಬೆಂಚ್ ಹತ್ರ ಹೋದಾಗ ನಿಮ್ಮ ಕೈಯಾಗ ಏನಿತ್ತು?”

ಪ್ರಶ್ನೆ ಹೀಗೆ ಸಣ್ಣದಾಗಿರಬೇಕು. ‘ನಿಮ್ಮ ರೋಲ್ ಏನು?’ ಅಂದರೆ ಹುದ್ದೆಯ ವಿವರ ಬರುತ್ತದೆ. ‘ಕೈಯಾಗ ಏನಿತ್ತು’ ಅಂದರೆ ನೆನಪು ಬರಬೇಕು, ಮತ್ತು ನೆನಪಿಗೆ ಬಹುವಚನ ಇಲ್ಲ. ಒಂದು ಕೈಯಲ್ಲಿ ಒಂದೇ ವಸ್ತು ಇರುತ್ತದೆ.

ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, “ಚಾಕ್‌ಪೀಸ್ರಿ” ಅಂದ.

“ಚಾಕ್‌ಪೀಸ್ ಯಾಕ?”

“ಟೆಸ್ಟ್ ರಿಜಿಸ್ಟರ್‌ನಾಗ ಬರೇ ಪಾಸ್, ಫೇಲ್ ಅಂತ ಇತ್ತ್ರಿ. ಯಾವ ಕಡಿ ಸೀಟ್ ಲೀಕ್ ಆತು ಅಂತ ಬರಿತಿರ್ಲಿಲ್ಲ. ಬಾಡಿ ಮ್ಯಾಲ ಹೀಟ್ ನಂಬರ್ ಕಾಸ್ಟ್ ಆಗಿರ್ತದಲ್ರಿ, ಆ ಬದಿಗೆ ‘ಎ’ ಅಂತ ಚಾಕ್‌ಲೆ ಬರದೆ, ಆ ಕಡಿದಕ್ಕ ‘ಬಿ’. ಲೀಕ್ ಆದಾಗ ಎ ಏನ್ ಬಿ ಏನ್ ಅಂತ ನೋಟ್‌ಬುಕ್‌ನಾಗ ಹಾಕ್ಕೋತ ಹೋದ್ನಿ.”

ಕ್ರಿಯಾಪದ ನೋಡಿ. ‘ತಗದ್ವಿ, ಹುಡುಕಿದ್ವಿ’ ಇದ್ದದ್ದು ‘ಬರದೆ, ಹೋದ್ನಿ’ ಆಯಿತು. ನಾನು ಕೇಳಿ ಬದಲಿಸಿದ್ದಲ್ಲ, ಅದು ತಾನಾಗಿ ಬದಲಾಯಿತು. ಎರಡು ವಾರದಲ್ಲಿ ನಲವತ್ತು ಲೀಕ್ ಬರೆದುಕೊಂಡಿದ್ದನಂತೆ, ಅದರಲ್ಲಿ ಮೂವತ್ತೊಂದು ‘ಬಿ’ ಕಡೆ. ಲ್ಯಾಪಿಂಗ್ ಕೆಟ್ಟಿದ್ದರೆ ಎರಡೂ ಕಡೆ ಹೆಚ್ಚುಕಮ್ಮಿ ಸಮ ಬರಬೇಕಿತ್ತು. ಒಂದೇ ಕಡೆ ಬರುತ್ತದೆ ಅಂದರೆ ತಪ್ಪು ಫಿಟ್ಟರಿನ ಕೈಯಲ್ಲಿಲ್ಲ, ಅದಕ್ಕೂ ಹಿಂದೆ ಬಾಡಿಯಲ್ಲೇ ಇದೆ. ಬಾಡಿಯ ಎರಡು ಸೀಟ್ ಮುಖಗಳನ್ನು ಆ ಕಾರ್ಖಾನೆಯಲ್ಲಿ ಒಂದಾದ ಮೇಲೊಂದು, ಬಾಡಿಯನ್ನು ಹಿಡಿದಿಡುವ ಫಿಕ್ಸ್‌ಚರ್ ತಿರುಗಿಸಿ ಕತ್ತರಿಸುತ್ತಿದ್ದರು. ತಿರುಗಿಸಿದ ಮೇಲೆ ಅದನ್ನು ಸರಿಯಾದ ಜಾಗಕ್ಕೆ ಕೂರಿಸುವ ಲೊಕೇಟರ್ ಸವೆದಿತ್ತು, ಹಾಗಾಗಿ ಎರಡನೇ ಮುಖದ ಕೋನ ಒಂದು ಎಳೆಯಷ್ಟು ತಪ್ಪುತ್ತಿತ್ತು. ವೆಡ್ಜ್ ಎಷ್ಟೇ ಚೆನ್ನಾಗಿ ಲ್ಯಾಪ್ ಮಾಡಿದರೂ ಆ ಬದಿಗೆ ಪೂರ್ತಿ ಕೂರುತ್ತಿರಲಿಲ್ಲ.

ಇಲ್ಲಿ ಬಹಳ ಜನ ನಿಲ್ಲಿಸಿಬಿಡುತ್ತಾರೆ: ‘ಆತು, ಕಾರಣ ಹಿಡದಾನ.’ ನಾನು ಮುಂದೆ ಕೇಳಿದೆ: ಲೊಕೇಟರ್ ಸವೆದದ್ದನ್ನು ಕಂಡವರು ಯಾರು? “ಅದು ಸೂಪರ್‌ವೈಸರ್ರಿ. ಬಿ ಕಡಿ ಅಂತ ಹೇಳಿದ ಕೂಡಲೇ ಅವರಿಗೇ ಹೊಳೀತು. ನನಗ ಫಿಕ್ಸ್‌ಚರ್ ಬಗ್ಗೆ ಅಷ್ಟ್ ಗೊತ್ತಿರ್ಲಿಲ್ರಿ.” ಹೊಸ ಲೊಕೇಟರ್ ಡ್ರಾಯಿಂಗ್? ಡಿಸೈನ್ ಇಂಜಿನಿಯರ್. ಫಿಕ್ಸ್‌ಚರ್ ಬದಲಿಸಲು ಮೆಷಿನ್ ನಿಲ್ಲಿಸುವ ನಿರ್ಧಾರ? “ಮ್ಯಾನೇಜರ್ ಸರ್ ಮಾಡಿರಬೇಕ್ರಿ, ಆ ಮೀಟಿಂಗ್‌ನಾಗ ನಾ ಇರ್ಲಿಲ್ಲ.”

ನನಗೆ ನಂಬಿಕೆ ಬಂದದ್ದು ಈ ಮೂರು ‘ಇಲ್ಲ’ಗಳಿಂದ. ತನ್ನ ಪಾಲಿನ ಗಡಿ ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ತೋರಿಸುವವನು ಆ ಗಡಿಯೊಳಗೆ ಓಡಾಡಿರುತ್ತಾನೆ. ಎಲ್ಲದಕ್ಕೂ ಉತ್ತರ ಇರುವವನಿಗೆ ಇನ್ನೂ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು.

ಅಂಥವರಿಗೆ ನಾನು ಕೇಳುವ ಪ್ರಶ್ನೆಗಳು ಹೀಗಿರುತ್ತವೆ. ‘ನಿಮ್ಮ ನೋಟ್‌ಬುಕ್ಕಿನ ಲೆಕ್ಕ ತಪ್ಪಿದ್ದು ಯಾವಾಗ?’ ನಮ್ಮ ಹುಡುಗನಿಗೆ ಇದನ್ನು ಕೇಳಿದಾಗ ಕೂಡಲೇ ಹೇಳಿದ: ಮೊದಲ ನಾಲ್ಕು ದಿನದ ಗುರುತು ಪೂರ್ತಿ ವ್ಯರ್ಥ, ಯಾಕಂದರೆ ಟೆಸ್ಟ್ ನೀರು ಬಿದ್ದು ಚಾಕ್ ತೊಳೆದುಹೋಗುತ್ತಿತ್ತು, ಆಮೇಲೆ ಪೇಂಟ್ ಮಾರ್ಕರ್ ತಂದ. ಮಾಡಿದವನಿಗೆ ಮಾತ್ರ ಗೊತ್ತಿರುವ ಪೆದ್ದುತನ ಇದು. ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ, ಯಾರೂ ಸ್ಲೈಡಿಗೆ ಹಾಕುವುದಿಲ್ಲ.

ಇನ್ನೊಂದು: ‘ಆ ಎರಡು ವಾರ ನೀವು ರಜಾದ ಮ್ಯಾಲ ಇದ್ದಿದ್ರ ಏನಾಗ್ತಿತ್ತು?’ ಚೆನ್ನಾಗಿ ಗಮನಿಸುವ ಸ್ವಭಾವದವನು ತಾನು ಮಾಡದ ಕೆಲಸದ ವಿವರವನ್ನೂ ಕರಾರುವಾಕ್ಕಾಗಿ ಹೇಳಬಲ್ಲ. ಅವನನ್ನು ಮಾಡಿದವನಿಂದ ಬೇರೆ ಮಾಡಲು ಈ ಪ್ರಶ್ನೆ ಬೇಕು. ಪ್ರಾಮಾಣಿಕ ಉತ್ತರ ಸಾಮಾನ್ಯವಾಗಿ ದೊಡ್ಡದಾಗಿರುವುದಿಲ್ಲ. ನಮ್ಮವನು ಅಂದದ್ದು: “ಇನ್ನೊಂದ್ ತಿಂಗಳು ಕಾಕಾನ್ನ ಬೈಕೋತ ಇರ್ತಿದ್ರಿ. ಆಮ್ಯಾಲ ಯಾರಾರ ಕಂಡಹಿಡೀತಿದ್ರು.”

ಅವನು ತನ್ನ ಮೊದಲ ಎರಡು ನಿಮಿಷದಲ್ಲಿ ಈ ಚಾಕ್ ವಿಷಯ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ಅದೇನ್ ದೊಡ್ಡ ಕೆಲಸ್ರಿ ಸರ್, ಬರೇ ಗುರುತ ಹಾಕಿದ್ದು” ಅಂದ. ಫಿಕ್ಸ್‌ಚರ್ ಬದಲಿಸಿದ್ದೇ ದೊಡ್ಡ ಕೆಲಸ ಅಂತ ಅವನ ತಲೆಯಲ್ಲಿತ್ತು, ಅದು ತನ್ನದಲ್ಲವಾದ್ದರಿಂದ ‘ನಾವು’ ಅಂದಿದ್ದ. ತನ್ನದಾಗಿದ್ದ ಕೆಲಸ ಅವನ ಕಣ್ಣಿಗೇ ಸಣ್ಣದಾಗಿತ್ತು. ‘ನಾವು’ ಅನ್ನುವವರಲ್ಲಿ ಈ ನಮೂನೆಯವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ ಅನ್ನುವುದು ನನ್ನ ಅನುಭವ.

ಹೆಜ್ಜೆ 5: ಹಾಳೆ ತುಂಬುವುದು, ಬೇರೆ ಬೇರೆ ಕೂತು

ಅಭ್ಯರ್ಥಿ ಹೊರಗೆ ಹೋದ ಕೂಡಲೇ, ಮಾತಾಡುವ ಮೊದಲು, ಸಂದರ್ಶನ ಮಾಡಿದ ಇಬ್ಬರೂ ಬೇರೆ ಬೇರೆಯಾಗಿ ಐದು ಸಾಲು ತುಂಬಬೇಕು. ಪ್ರತಿ ಸಾಲಿಗೆ ‘ತಾನು’, ‘ಬೇರೆಯವರು’, ‘ಕೂಡಿ’, ‘ಗೊತ್ತಾಗಲಿಲ್ಲ’ ಇವುಗಳಲ್ಲಿ ಒಂದು, ಪಕ್ಕದಲ್ಲಿ ಅದಕ್ಕೆ ಆಧಾರವಾದ ಅವರ ಒಂದು ಮಾತು. ಮಾತು ಬರೆಯಲು ಆಗದಿದ್ದರೆ ‘ಗೊತ್ತಾಗಲಿಲ್ಲ’ ಅಂತಲೇ ಹಾಕಬೇಕು. ‘ಕಾನ್ಫಿಡೆನ್ಸ್ ಇತ್ತು’, ‘ಸ್ವಲ್ಪ ಡಲ್’ ಇವು ಆಧಾರವಲ್ಲ.

‘ಗೊತ್ತಾಗಲಿಲ್ಲ’ ಅನ್ನುವುದನ್ನು ‘ಮಾಡಿಲ್ಲ’ ಅಂತ ಓದುವ ಚಾಳಿ ನಮ್ಮೆಲ್ಲರಿಗೂ ಇದೆ, ಮತ್ತು ಅದು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2005ರಲ್ಲಿ ಪ್ರಕಟವಾದ ಮ್ಯಾಡೆಲಿನ್ ಹೈಲ್ಮನ್ ಮತ್ತು ಮಿಶೆಲ್ ಹೇನ್ಸ್ ಅವರ ಪ್ರಯೋಗಗಳಲ್ಲಿ, ಒಬ್ಬ ಗಂಡು ಒಬ್ಬ ಹೆಣ್ಣು ಕೂಡಿ ಮಾಡಿದ ಕೆಲಸ ಯಶಸ್ವಿಯಾದಾಗ, ಯಾರ ಪಾಲು ಏನು ಅಂತ ಸ್ಪಷ್ಟವಿಲ್ಲದಿದ್ದರೆ ಮೌಲ್ಯಮಾಪನ ಮಾಡುವವರು ಹೆಣ್ಣಿಗೆ ಕಡಿಮೆ ಶ್ರೇಯ ಕೊಟ್ಟರು. ಅವಳ ಪಾಲು ಇಂಥದ್ದೇ ಅಂತ ಸ್ಪಷ್ಟವಾಗಿ ಗೊತ್ತಾದಾಗ ಹಾಗಾಗಲಿಲ್ಲ. ಅಂದರೆ ಒಬ್ಬ ಹುಡುಗಿ ‘ನಾವು’ ಅಂದಾಗ ನಾಲ್ಕನೇ ಹೆಜ್ಜೆ ಬಿಟ್ಟು ಮುಂದೆ ಹೋದರೆ, ಖಾಲಿ ಬಿಟ್ಟ ಜಾಗವನ್ನು ನಮ್ಮ ಪೂರ್ವಗ್ರಹ ತುಂಬುತ್ತದೆ. ಪ್ರಶ್ನೆ ಎಲ್ಲರಿಗೂ ಅವೇ ಇರಲಿ, ‘ನಾನು’ ಅನ್ನುವವರಿಗೂ.

ನಮ್ಮ ಹಾಳೆಗಳಲ್ಲಿ ಮೊದಲ ಸಾಲು ಇಬ್ಬರದ್ದೂ ‘ಬೇರೆಯವರು’: ಲೀಕೇಜ್ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಎರಡನೇ ಸಾಲು, ಕಾರಣ. ನಾನು ‘ಕೂಡಿ’ ಅಂತ ಹಾಕಿದ್ದೆ, ಮ್ಯಾನೇಜರ್ ‘ತಾನು’ ಅಂತ. ಮೊದಲು ಬೇಡ ಅಂದವರೇ ಈಗ ನನಗಿಂತ ಧಾರಾಳ! ಮಾತಾಡಿ ‘ಕೂಡಿ’ ಅಂತ ಇಟ್ಟೆವು: ಯಾವ ಕಡೆ ಅನ್ನುವುದು ಹುಡುಗನದು, ಯಾಕೆ ಅನ್ನುವುದು ಸೂಪರ್‌ವೈಸರದು. ಮೂರು, ನಾಲ್ಕು ‘ಬೇರೆಯವರು’. ಐದನೆಯದು, ಆಮೇಲೆ ಯಾರು ನೋಡಿಕೊಂಡರು ಅನ್ನುವುದು, ನಾವು ಕೇಳುವುದನ್ನೇ ಮರೆತಿದ್ದೆವು.

ಹೆಜ್ಜೆ 6: ಹಳೆ ಸಹೋದ್ಯೋಗಿಗೆ ಫೋನು

ಅಭ್ಯರ್ಥಿಯ ಒಪ್ಪಿಗೆ ಇಲ್ಲದೆ ಫೋನು ಮಾಡಬಾರದು. ಈಗಿನ ಕಂಪನಿಗೆ ಅಂತೂ ಬೇಡವೇ ಬೇಡ. ಹುಬ್ಬಳ್ಳಿ-ಧಾರವಾಡದ ಇಂಡಸ್ಟ್ರಿಯಲ್ ಎಸ್ಟೇಟ್‌ಗಳಲ್ಲಿ ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆ, ಹುಡುಗನ ನೌಕರಿಗೆ ಕುತ್ತು ಬಂದೀತು. ನಮ್ಮವನು ಆ ಕಂಪನಿ ಆಗಲೇ ಬಿಟ್ಟಿದ್ದ, ಮೆಷಿನ್ ಶಾಪ್ ಸೂಪರ್‌ವೈಸರ್ ನಂಬರ್ ತಾನೇ ಕೊಟ್ಟ.

ಫೋನಿನಲ್ಲಿ ‘ಹುಡುಗ ಹೆಂಗದಾನ್ರಿ?’ ಅಂದರೆ ‘ಭಾಳ ಚಲೋ ಅದಾನ್ರಿ’ ಅಂತ ಬರುತ್ತದೆ, ಮುಗಿಯಿತು. ‘ಚಾಕ್ ಗುರುತು ಅವನೇ ಹಾಕಿದ್ದಾ?’ ಅಂತಲೂ ಕೇಳಬಾರದು, ಅದು ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ. ಅಭ್ಯರ್ಥಿಯ ಹೆಸರನ್ನು ಬದಿಗಿಟ್ಟು ಕೆಲಸದ ಕತೆ ಕೇಳಬೇಕು: “ಗೇಟ್ ವಾಲ್ವ್ ಸೀಟ್ ಲೀಕೇಜ್ ಹೆಂಗ ಬಗೆಹರಿಸಿದ್ರಿ, ಮೊದಲಿಂದ ಹೇಳ್ರಿ.” ಹೆಸರು ತಾನಾಗಿ ಬರುತ್ತದೋ ಇಲ್ಲವೋ, ಬಂದರೆ ಕತೆಯ ಯಾವ ಜಾಗದಲ್ಲಿ ಬರುತ್ತದೆ ಅನ್ನುವುದಷ್ಟೇ ನಿಮಗೆ ಬೇಕಾದದ್ದು.

ಈ ವಿಧಾನಕ್ಕೂ ಮಿತಿ ಇದೆ. ಐದಾರು ವರ್ಷ ಹಳೆಯ ಕೆಲಸದ ವಿವರ ಪ್ರಾಮಾಣಿಕನಿಗೂ ಮರೆತಿರುತ್ತದೆ, ಆದ್ದರಿಂದ ಆದಷ್ಟು ಇತ್ತೀಚಿನ ಪ್ರಾಜೆಕ್ಟನ್ನೇ ಆರಿಸಿ. ಇಬ್ಬರು ಒಂದೇ ಟೇಬಲ್ಲಿಗೆ ಕೂತು ಎಲ್ಲವನ್ನೂ ಕೂಡಿ ಮಾಡಿದ ಕೆಲಸಗಳೂ ಇರುತ್ತವೆ. ಅಲ್ಲಿ ‘ನಾವು’ ಅನ್ನುವುದೇ ನಿಜ, ಎಳೆದೆಳೆದು ಬಿಡಿಸಿದರೆ ಅವರು ಸುಳ್ಳು ಹೇಳಬೇಕಾಗುತ್ತದೆ. ಅಂಥ ಕಡೆ ಪ್ರಾಜೆಕ್ಟು ಬಿಟ್ಟು, ಕೈಗೆ ಒಂದು ಕೆಲಸವನ್ನೇ ಕೊಟ್ಟು ನೋಡುವುದು ಮೇಲು. ನಾವು ಕೆಲವೊಮ್ಮೆ ಫೇಲ್ ಆದ ವಾಲ್ವೊಂದನ್ನು ಮುಂದಿಟ್ಟು, ಹೇಗೆ ನೋಡುತ್ತೀರಿ ಅಂತ ಕೇಳುತ್ತೇವೆ. ಹಳೆ ಕಂಪನಿಯ ಡ್ರಾಯಿಂಗ್, ಗಿರಾಕಿಯ ಹೆಸರು, ದರ ಇವುಗಳನ್ನು ಮಾತ್ರ ಯಾವ ಹಂತದಲ್ಲೂ ಕೇಳಬಾರದು. ಅಭ್ಯರ್ಥಿ ತಾನಾಗಿ ಹೇಳಲು ಹೊರಟರೆ ನಾನು ತಡೆಯುತ್ತೇನೆ, ಮತ್ತು ಅದನ್ನು ಹಾಳೆಯ ಹಿಂಬದಿಗೆ ಬರೆದುಕೊಳ್ಳುತ್ತೇನೆ.

ಸೂಪರ್‌ವೈಸರಿಗೆ ಶನಿವಾರ ಸಂಜೆ ಶಿಫ್ಟ್ ಬಿಟ್ಟ ಮೇಲೆ ಫೋನು ಮಾಡಿದೆ. ಫಿಕ್ಸ್‌ಚರ್, ಲೊಕೇಟರ್, ಮೆಷಿನ್ ನಿಲ್ಲಿಸಲು ಮ್ಯಾನೇಜರ್ ಜೊತೆ ತಾವು ಮಾಡಿದ ಜಗಳ, ಎಲ್ಲ ಹತ್ತು ನಿಮಿಷ ಹೇಳಿದರು. ಹೇಳುವಾಗೆಲ್ಲ ‘ನಾನು’. ಹುಡುಗನ ಹೆಸರು ಬರಲೇ ಇಲ್ಲ. ಫಿಕ್ಸ್‌ಚರ್ ನೋಡಬೇಕು ಅಂತ ನಿಮಗ ಅನಿಸಿದ್ದು ಹೆಂಗ ಅಂತ ಕೇಳಿದೆ. “ಲೀಕ್ ಎಲ್ಲಾ ಒಂದ ಕಡಿ ಬರಾಕತ್ತಿತ್ತಲ್ರಿ.” ಅದು ಹೆಂಗ ಗೊತ್ತಾತ್ರಿ? ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಹಾಂ, ಒಬ್ಬ ಕ್ಯೂಸಿ ಹುಡುಗ ಇದ್ದ ನೋಡ್ರಿ, ದಿನಾ ಟೆಸ್ಟ್ ಬೆಂಚಿಗೆ ನಿಂತು ವಾಲ್ವ್ ಮ್ಯಾಲ ಎ, ಬಿ ಅಂತ ಬರಕೋತ ಇರ್ತಿದ್ದ. ನಾವೆಲ್ಲಾ ನಗತಿದ್ವಿ. ಆ ಕಾಲಂ ಇನ್ನೂ ರಿಜಿಸ್ಟರ್‌ನಾಗ ಐತ್ರಿ, ಅಂವಾ ಬಿಟ್ಟ ಮ್ಯಾಲೂ ತುಂಬಾಕತ್ತಾರ.”

ಫೋನಿಟ್ಟು ಹಾಳೆ ತೆಗೆದು, ನಾವು ಕೇಳಲು ಮರೆತಿದ್ದ ಐದನೇ ಸಾಲಿನಲ್ಲಿ ‘ತಾನು’ ಅಂತ ಬರೆದೆ.